ಪರದೆಯ ಮೇಲಂಚಿನ ಪಟ್ಟಿ

ಅಣ್ಣ ಮೌಸ್ ಬಿಟ್ಟ ವರ್ಷ ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದು ಮರ್ಯಾದೆಯ ಮಾತು. ಲೆಕ್ಚರರುಗಳ ಮಿಮಿಕ್ರಿ ಮಾಡಿಕೊಂಡು ಕ್ಯಾಂಟೀನಿನಲ್ಲಿ ಬಿಟ್ಟಿ ಕಾಫಿ ಕುಡಿಯುತ್ತಿದ್ದೆ. ಅಣ್ಣ ಗಾಂಧಿನಗರದ ಒಂದು ಸಣ್ಣ ಆಫೀಸಿನಲ್ಲಿ ಸರ್ವರುಗಳನ್ನು ಕಾಯುತ್ತಿದ್ದ. ಯಾವುದು ಕೆಟ್ಟು ಬಿದ್ದರೂ ಮೊದಲು ಅವನಿಗೆ ಗೊತ್ತಾಗಬೇಕು. ಅವನ ಸಂಬಳವೇ ಅದಕ್ಕೆ.

ಕಣ್ಣಿನ ಡಾಕ್ಟರು ಅವನ ಮುಂದೆ ಬೆರಳು ಆಡಿಸಿ, "ನೋಟದ ನಡುಭಾಗ ಚೆನ್ನಾಗಿದೆ. ಸುತ್ತಲಿಂದ ಕಡಿಮೆ ಆಗ್ತಾ ಬರುತ್ತೆ. ಎಷ್ಟು ಬೇಗ ಅಂತ ಹೇಳಕ್ಕಾಗಲ್ಲ" ಎಂದಿದ್ದರು. ಮಲ್ಲೇಶ್ವರದ ಮನೆ ಸೇರುವ ಮೊದಲೇ ಅಣ್ಣ ರಸ್ತೆಯ ತಿರುವಿನಲ್ಲಿ ನಿಂತ.

"ಅಮ್ಮಂಗೆ ಹೇಳ್ಬೇಡ. ಆಫೀಸಲ್ಲೂ ಗೊತ್ತಾಗೋದು ಬೇಡ. ಕೆಲಸ ಮಾಡಕ್ಕಾಗುತ್ತೆ ನಂಗೆ."

"ಆಗ್ಲಪ್ಪಾ, ಡ್ರಾಪ್ಸ್ ಹಾಕ್ಕೊಳ್ಳಿ" ಎಂದೆ, ಡಾಕ್ಟರ ಮೂಗಿನ ದನಿಯಲ್ಲಿ. ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ, ಆದರೆ ಬಾಯಿ ಅಭ್ಯಾಸ ಬಿಡಲಿಲ್ಲ.

ಅವನ ದೊಡ್ಡ ತಾಪತ್ರಯ ಮೌಸಿನ ಬಾಣ. ಪರದೆಯ ಮೇಲೆ ಅದು ಎಲ್ಲಿದೆ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಹಾಗಾಗಿ ಅವನ ಲಿನಕ್ಸ್ ಲ್ಯಾಪ್‌ಟಾಪಿಗೆ ನಾನು ಟೈಲಿಂಗ್ ವಿಂಡೋ ಮ್ಯಾನೇಜರ್ ಎಂಬ ತಂತ್ರಾಂಶ ಹಾಕಿಕೊಟ್ಟೆ. ಅದರಲ್ಲಿ ಪರದೆಯ ಕಿಟಕಿಗಳು ಒಂದರ ಮೇಲೊಂದು ಬೀಳುವುದಿಲ್ಲ. ನೆಲಕ್ಕೆ ಕಲ್ಲು ಹಾಸಿದಂತೆ ಪಕ್ಕಪಕ್ಕ ಕೂರುತ್ತವೆ. ಎಡಗಡೆ ದೊಡ್ಡದೊಂದು, ಉಳಿದವು ಬಲಗಡೆ ಸಾಲಾಗಿ. ಆಲ್ಟ್ ಕೀಲಿ ಒತ್ತಿ ಜೆ ಅಂದರೆ ಮುಂದಿನ ಕಿಟಕಿಗೆ, ಕೆ ಅಂದರೆ ಹಿಂದಿನದಕ್ಕೆ. ಆಲ್ಟ್ ಮತ್ತು ಎಂಟರ್ ಒತ್ತಿದರೆ ಬೇಕಾದದ್ದು ದೊಡ್ಡ ಜಾಗಕ್ಕೆ ಬಂದು ಕೂರುತ್ತದೆ. ಬಾಣದ ಹಂಗೇ ಇಲ್ಲ. ಸೆಟ್ಟಿಂಗಿಗೆ ಮೆನು ಇಲ್ಲ. ಸಿ ಭಾಷೆಯ ಒಂದು ಫೈಲು ತಿದ್ದಿ, ಅದನ್ನು ಯಂತ್ರಕ್ಕೆ ತಿಳಿಯುವಂತೆ ಮತ್ತೆ ಕಂಪೈಲ್ ಮಾಡಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಬೇಕು. ಅಕ್ಷರ ದಪ್ಪವಾಗಲಿ ಎಂದ, ಕಂಪೈಲ್. ಇನ್ನೂ ದಪ್ಪ ಎಂದ, ಮತ್ತೆ ಕಂಪೈಲ್.

"ನಿಂಗೆ ಕನ್ನಡಕದಂಗಡಿ ಇಟ್ಕೊಡ್ಬೇಕು ಕಣೋ" ಎಂದ. ಆ ತಿಂಗಳು ಅವನು ಆಡಿದ ಒಂದೇ ತಮಾಷೆ.

ಅವನ ಬೆರಳುಗಳು ಬೇಗ ಕಲಿತವು. ಉಳಿದದ್ದು ಪರದೆಯ ಮೇಲಂಚಿನ ಪಟ್ಟಿ. ಅದರ ಬಲತುದಿಯಲ್ಲಿ ನಮಗೆ ಬೇಕಾದ ಸಾಲು ಬರೆಯಬಹುದು. ಸರ್ವರುಗಳನ್ನು ಆಗಾಗ ಮಾತಾಡಿಸಿ, ಉತ್ತರ ಬಂದರೆ "ಓಕೆ", ಬರದಿದ್ದರೆ ಅದರ ಹೆಸರಿನ ಮುಂದೆ "ಡೌನ್" ಎಂದು ತೋರಿಸುವ ಪುಟ್ಟ ಸ್ಕ್ರಿಪ್ಟ್ ಬರೆದೆ. ಗಂಟೆ, ಬ್ಯಾಟರಿ ಕೂಡ ಸೇರಿಸಿದೆ. ಅವನ ಕೆಲಸ ಉಳಿಸುವುದು ಈ ಪಟ್ಟಿಯೇ ಎಂದು ನಮ್ಮಿಬ್ಬರ ನಂಬಿಕೆ. ಊಟದ ಹೊತ್ತಿಗೆ ಅದೇ ಜಾಗದಲ್ಲಿ ಅಮ್ಮನ ಧಾಟಿಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, "ತಟ್ಟೆ ಹಾಕಿದೀನಿ, ಬರ್ತೀಯೋ ಇಲ್ವೋ" ಎಂದು ಬರುವಂತೆಯೂ ಮಾಡಿದೆ. ಕನ್ನಡ ಲಿಪಿಯಲ್ಲಿ ಬರೆದರೆ ಒತ್ತಕ್ಷರಗಳು ಕಳಚಿ ಬೀಳುತ್ತಿದ್ದವು.

ಒಂದು ವಾರ ಕಳೆಯಿತು. ಆ ಸಾಲಿನ ಬಗ್ಗೆ ಅವನು ಚಕಾರ ಎತ್ತಲಿಲ್ಲ. ನನ್ನ ಜೋಕಿಗೆ ಬೆಲೆಯೇ ಇಲ್ಲ ಎಂದು ಮುನಿಸಿಕೊಂಡೆ.

ಭಾನುವಾರ ಅವನು ಕಾಫಿಗೆ ಎದ್ದಾಗ ಸ್ಕ್ರಿಪ್ಟ್ ನಿಲ್ಲಿಸಿ, ಪಟ್ಟಿಗೆ "ಎಲ್ಲಾ ಡೌನ್" ಎಂದು ಬರೆದಿಟ್ಟೆ. ಸ್ಕ್ರಿಪ್ಟ್ ನಿಂತರೆ ಪಟ್ಟಿ ಕೊನೆಯ ಸಾಲನ್ನೇ ಹಿಡಿದುಕೊಂಡಿರುತ್ತದೆ. ಅವನು ಬಂದು ಕೂತ. ಜೆ, ಕೆ, ಎಂಟರ್. ಲೋಟ ಖಾಲಿಯಾಯಿತು. ಮೇಲಿನ ಸಾಲು ಹಾಗೇ ಇತ್ತು. ನಾನು ಅವನ ಆಫೀಸಿನ ಮ್ಯಾನೇಜರ ಗಂಟಲಲ್ಲಿ ಕೇಳಿದೆ.

"ಏನ್ರೀ, ಸರ್ವರ್‌ಗಳು ಹೆಂಗಿವೆ?"

"ಎಲ್ಲ ಸರಿಯಾಗಿವೆ ಸಾರ್" ಎಂದ ಅಣ್ಣ, ಆಟಕ್ಕೆ ಸೇರಿಕೊಂಡು.

ನನ್ನ ಗಂಟಲು ನನ್ನದೇ ಆಗಿಬಿಟ್ಟಿತು. "ಅಣ್ಣಾ, ಮೇಲೆ ನೋಡು."

ಅವನು ಕಣ್ಣೆತ್ತಲಿಲ್ಲ, ತಲೆಯನ್ನೇ ಎತ್ತಿದ. ಗೋಡೆಯ ಮೇಲೆ ಟಾರ್ಚು ಬಿಟ್ಟಂತೆ ಮುಖವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಒಯ್ದ. ತುದಿಯಲ್ಲಿ ನಿಂತು ಓದಿದ.

"ನೀನು ಬರ್ದಿದ್ದಾ?"

"ಹೂಂ. ಸುಮ್ನೆ."

"ಊಟದ್ದೇನೋ ಹಾಕ್ತೀನಿ ಅಂದಿದ್ದೆ. ಹಾಕಿದ್ಯಾ?"

"ದಿನಾ ಬರ್ತಿತ್ತು."

ಪಟ್ಟಿಯನ್ನು ಕೆಳಗಂಚಿಗೆ ಹಾಕೋಣ, ಸರ್ವರ್ ಬಿದ್ದಾಗ ಬೀಪ್ ಕೊಡಿಸೋಣ ಎಂದೆಲ್ಲ ನಾನು ಬಡಬಡಿಸಿದೆ.

"ಬೀಪ್ ಹೊಡ್ಕೊಳ್ಳುತ್ತೆ, ಸರಿ. ಆಮೇಲೆ ಏನು ಬಿದ್ದಿದೆ ಅಂತ ಹಿಂಗೆ ಕತ್ತು ತಿರುಗಿಸ್ಕೊಂಡು ಹುಡುಕ್ಲಾ? ನಾಳೆ ಆಫೀಸಲ್ಲಿ ಹೇಳ್ಬಿಡ್ತೀನಿ" ಎಂದ. "ಅಮ್ಮಂಗೆ ಇವತ್ತೇ."

ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿತ್ತು. ಅವನು ಎದ್ದು ಹೋಗುವ ಮೊದಲು ಆಲ್ಟ್ ಮತ್ತು ಬಿ ಒತ್ತಿದ. ಪಟ್ಟಿ ಅಡಗಿತು, ಕೆಳಗಿನ ಕಿಟಕಿಗಳು ಮೇಲಕ್ಕೆ ಬೆಳೆದು ಅದರ ಜಾಗ ತುಂಬಿಕೊಂಡವು.

ಅವನು ಪರದೆಯ ನಡುವನ್ನೇ ನೋಡುತ್ತ, "ಹೋಯ್ತಾ?" ಎಂದು ನನ್ನನ್ನು ಕೇಳಿದ.