ಹಿತ್ತಲ ಬಾವಿಯ ಪ್ಯಾರಾ

ಮಲ್ಲೇಶ್ವರದ ಕಾಲೇಜೊಂದರಲ್ಲಿ ನಾನು ಭೂವಿಜ್ಞಾನದ ಮೇಷ್ಟ್ರು. ಅಂತರ್ಜಲದ ಸಂಶೋಧನೆಗೆ ಧನಸಹಾಯ ಕೇಳಿ ವರ್ಷಕ್ಕೊಂದಾದರೂ ಅರ್ಜಿ ಹಾಕುವುದು ನನ್ನ ಚಟ. ಪ್ರತಿ ಅರ್ಜಿಗೂ ‘ಹಿನ್ನೆಲೆ’ ಅಂತ ಒಂದು ಭಾಗ ಬೇಕು. ಅದಕ್ಕೆ ನನ್ನ ಹತ್ತಿರ ಒಂದು ಸಿದ್ಧ ಪ್ಯಾರಾ ಇತ್ತು. ಇಂಗ್ಲಿಷಿನ ಆ ಪ್ಯಾರಾ ಕನ್ನಡದಲ್ಲಿ ಹೀಗೆ ಶುರುವಾಗುತ್ತದೆ: ‘ಈ ಅಡ್ಡರಸ್ತೆಗಳ ಹಳೆಯ ಮನೆಗಳಲ್ಲಿ ನೀರಿನ ಮಟ್ಟವನ್ನು ಯಾರೂ ಅಳೆಯುತ್ತಿರಲಿಲ್ಲ, ಹಗ್ಗ ಎಷ್ಟು ಉದ್ದ ಬೇಕು ಎಂಬುದು ಮನೆಯ ಹೆಂಗಸರಿಗೆ ಗೊತ್ತಿತ್ತು.’

ಎಂಥ ಪ್ಯಾರಾ ಅದು! ಪಕ್ಕದ ಮನೆಯಿಂದ ತಂದ ಹೆಪ್ಪಿನ ಹಾಗೆ ಅರ್ಜಿಯಿಂದ ಅರ್ಜಿಗೆ ಹೋಗುತ್ತಿತ್ತು. ಓದಿದಾಗಲೆಲ್ಲ ನನಗೆ ಲ್ಯಾಬಿನ ಹಳೆಯ ದಿನಗಳು ನೆನಪಾಗುತ್ತಿದ್ದವು. ಆಗ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಇರಲಿಲ್ಲ. ಬೆಳಿಗ್ಗೆ ಲ್ಯಾಬಿನ ನಾವು ನಾಲ್ಕು ಜನ ಬೈಟು ಕಾಫಿ ಕುಡಿಯುತ್ತಾ ಯಾವ ಕ್ರಾಸಿನಲ್ಲಿ ಇನ್ನೂ ಬಾವಿ ಉಳಿದಿದೆ ಎಂದು ಜಗಳವಾಡುತ್ತಿದ್ದೆವು. ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದ ಹುಡುಗಿ ಅಳತೆ ಟೇಪು ಹಿಡಿದು ಮನೆಮನೆಯ ಹಿತ್ತಲಿಗೆ ಹೋಗಿ, ಕೋಡುಬಳೆ ತಿಂದು ಬರುತ್ತಿದ್ದಳು. ಆ ಕಾಲ ಇನ್ನೊಮ್ಮೆ ಬರುವುದಾದರೆ ನನ್ನ ಪ್ರೊಫೆಸರ್‌ಗಿರಿಯನ್ನು ಈಗಲೇ ಬಿಟ್ಟುಕೊಡುತ್ತೇನೆ.

ಕಳೆದ ವರ್ಷ ಧನಸಹಾಯದ ಸಂಸ್ಥೆಯಿಂದ ಒಂದು ಮೇಲ್ ಬಂತು. ಅರ್ಜಿಗಳನ್ನು ತಜ್ಞರಿಗೆ ಕಳಿಸುವ ಮೊದಲು ಅವರು ಕಂಪ್ಯೂಟರಿನಲ್ಲಿ ಹೋಲಿಸಿ ನೋಡುತ್ತಾರೆ. ಈ ಬಾರಿ ನನ್ನ ಪ್ಯಾರಾ ಇನ್ನೊಬ್ಬರ ಅರ್ಜಿಯಲ್ಲೂ ಸಿಕ್ಕಿತ್ತು. ಆ ಇನ್ನೊಬ್ಬರು ಅದೇ ಹುಡುಗಿ. ಈಗ ಡಾಕ್ಟರೇಟ್ ಮುಗಿಸಿ, ಬಸವನಗುಡಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ, ಸ್ವಂತ ಹೆಸರಿನಲ್ಲಿ ಮೊದಲ ಅರ್ಜಿ ಹಾಕಿದ್ದಳು. ‘ಇದು ನಿಮ್ಮ ಬರಹವೇ? ದಯವಿಟ್ಟು ಖಚಿತಪಡಿಸಿ’ ಎಂದು ಕೇಳಿದ್ದರು.

ಹಾಳಾದ ಹೆಮ್ಮೆ ನೋಡಿ. ನನ್ನ ಪ್ಯಾರಾ ಎತ್ತಿಕೊಂಡಳಲ್ಲ ಎಂದು ಮೊದಲು ಸಿಟ್ಟೇ ಬಂತು. ಸಂಸ್ಥೆಯ ಅಧಿಕಾರಿಗೆ ಫೋನ್ ಮಾಡಿದೆ.

“ನಾನೂ ಇದನ್ನ ನನ್ನ ಎಲ್ಲಾ ಅರ್ಜೀಲೂ ಹಾಕಿದೀನಲ್ಲ ಮೇಡಂ, ಅದೂ ತಪ್ಪಾ?”

“ನೀವೇ ಬರೆದ ಹಿನ್ನೆಲೆನ ನೀವೇ ಮತ್ತೆ ಹಾಕಿದ್ರೆ ನಾವು ಅಷ್ಟು ತಲೆ ಕೆಡಿಸ್ಕೊಳಲ್ಲ ಸರ್. ಹಳೇ ಅರ್ಜಿಯಿಂದ ತಗೊಂಡಿದ್ದು ಅಂತ ಒಂದು ಸಾಲು ಬರೆದ್ರೆ ಸಾಕು. ಕೆಲಸವೇ ಹಳೇದಾಗಿ, ಎರಡು ಕಡೆ ದುಡ್ಡು ಕೇಳಿದ್ರೆ ಅದು ಬೇರೆ ವಿಷಯ. ಇನ್ನೊಬ್ರು ಬರೆದಿದ್ದನ್ನ ತಮ್ಮದು ಅಂತ ಹಾಕಿದ್ರೆ ಮಾತ್ರ ನಾವು ಸುಮ್ನಿರಲ್ಲ. ನಿಮ್ಮ ಅರ್ಜಿಗಳು ಅವರದಕ್ಕಿಂತ ಹಳೇವು. ನೀವು ಹೌದು ಅಂದ್ರೆ ಅವರ ಅರ್ಜಿ ಅಲ್ಲಿಗೇ ನಿಲ್ಲುತ್ತೆ. ಮುಂದಕ್ಕೂ ಅವರಿಗೆ ಕಷ್ಟವಾಗುತ್ತೆ.”

ಹೌದು ಎನ್ನುವುದಕ್ಕೆ ಒಂದು ಸಾಲು ಸಾಕಿತ್ತು. ಸಾಕ್ಷಿ ಬಲವಾಗಿರಲಿ ಎಂದು ಲ್ಯಾಬಿನ ಬೀರು ತೆಗೆದು ಮೊಟ್ಟಮೊದಲ ಕರಡು ಹುಡುಕಿದೆ. ಸಿಕ್ಕಿದ್ದು ಅವಳ ಮೊದಲ ವರ್ಷದ ವರದಿ. ನನ್ನ ಯಾವ ಅರ್ಜಿಗಿಂತಲೂ ಹಿಂದಿನದು. ಮೂರನೆಯ ಪುಟದಲ್ಲಿ ಹಗ್ಗ, ಹಿತ್ತಲು, ಹೆಂಗಸರು, ಎಲ್ಲ ಇದ್ದವು. ಅಂಚಿನಲ್ಲಿ ಕೆಂಪು ಇಂಕಿನಲ್ಲಿ ನನ್ನ ಅಕ್ಷರ: ‘ಚೆನ್ನಾಗಿದೆ. ಅರ್ಜಿಗೆ ಬಳಸಿಕೊಳ್ಳೋಣ.’ ನಾನು ತಿದ್ದಿದ್ದು ಎರಡು ಅಲ್ಪವಿರಾಮ.

ಇಷ್ಟು ವರ್ಷ ನನ್ನ ನೆನಪು ಅಂದುಕೊಂಡು ಮೆಲುಕು ಹಾಕುತ್ತಿದ್ದದ್ದು ಅವಳು ಕಂಡದ್ದು. ನಾನು ಆ ಹಿತ್ತಲುಗಳಿಗೆ ಒಂದು ದಿನವೂ ಕಾಲಿಟ್ಟವನಲ್ಲ. ನಾಚಿಕೆಯಾಯಿತು.

ಆ ಪುಟವನ್ನು ಸ್ಕ್ಯಾನ್ ಮಾಡಿ ಕಳಿಸಿದೆ. ಪ್ಯಾರಾ ಅವರದು, ನಾನು ಅವರ ಹೆಸರು ಹೇಳದೆ ಇಷ್ಟೂ ಅರ್ಜಿಗಳಲ್ಲಿ ಬಳಸಿದ್ದೇನೆ ಎಂದು ಬರೆದು ಸಹಿ ಹಾಕಿದೆ. ಮಾಡಿದ್ದುಣ್ಣೋ ಮಹಾರಾಯ: ಎಲ್ಲ ಬರಹ ನನ್ನದೇ ಎಂದು ಪ್ರಮಾಣೀಕರಿಸಿದ್ದ ನನ್ನ ಅರ್ಜಿ ತಜ್ಞರನ್ನು ಕಾಣದೆಯೇ ವಾಪಸ್ ಬಂತು, ಹಳೆಯ ಅರ್ಜಿಗಳ ಬಗ್ಗೆಯೂ ವಿವರಣೆ ಕೇಳಿದರು. ಅವಳದು ಮುಂದಕ್ಕೆ ಹೋಯಿತು.

ಅವಳೇ ಫೋನ್ ಮಾಡಿದಳು. “ಸರ್, ನನ್ನಿಂದ ನಿಮಗೆ ತೊಂದರೆ ಆಯ್ತು.”

“ನಿನ್ನನ್ನೂ ಕೇಳಿದ್ರಂತಲ್ಲ. ಅದು ನೀನೇ ಬರೆದಿದ್ದು ಅಂತ ಯಾಕಮ್ಮ ಹೇಳ್ಲಿಲ್ಲ?”

“ಆ ಪ್ಯಾರಾ ತೆಗೆದ್ಬಿಡ್ತೀನಿ ಅಂತಷ್ಟೇ ಬರೆದೆ ಸರ್. ಎಲ್ಲಾ ಕಡೆ ನಿಮ್ಮ ಹೆಸರಿತ್ತು. ನನ್ನನ್ನ ಯಾರು ನಂಬ್ತಿದ್ರು?” ಆಮೇಲೆ ಕೇಳಿದಳು: “ನೀವೂ ನಂಬ್ತಿರ್ಲಿಲ್ಲ ಅಲ್ವಾ ಸರ್?”

ಹೌದಮ್ಮ, ನಂಬ್ತಿರ್ಲಿಲ್ಲ ಎಂದೆ.