ಬೆಲ್ಲದ ಉಂಡಿಯ ಮೇಲೊಂದು ಪ್ರಶ್ನೆ

"ಮಮ್ಮಿ, ಸತ್ತೆವ್ವಾಯಿ ಮಕ್ಕೊಳ್ಳೂದು ಯಾವಾಗ?" ಎಂದು ಮಗಳು ಕೇಳಿದಳು. ನನಗೂ ಗೊತ್ತಿಲ್ಲ. ಮೂಡಲಗಿಯ ನಮ್ಮ ಓಣಿಯಲ್ಲಿ ನಾನು ಎದ್ದಾಗಲೂ ಸತ್ತೆವ್ವನ ಒಲೆ ಉರಿಯುತ್ತಿರುತ್ತದೆ, ಮಲಗುವಾಗಲೂ ಉರಿಯುತ್ತಿರುತ್ತದೆ. ಮದುವೆ, ಸೀಮಂತಗಳ ಅಡುಗೆ ಹಿಡಿಯುವವಳು ಅವಳು. ನಾಗರ ಪಂಚಮಿ ಬಂತೆಂದರೆ ಉಂಡಿಯ ಕೆಲಸದಲ್ಲಿ ಅವಳಿಗೆ ಕೂತಲ್ಲೇ ಊಟ.

ಮೊನ್ನೆ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೋದಾಗ ಸತ್ತೆವ್ವ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಬೆಲ್ಲದ ಪಾಕ ಆರುವ ಮೊದಲೇ ಕಟ್ಟಬೇಕು, ಅಂಗೈ ಕೆಂಪಾಗಿತ್ತು.

"ಬಾ ಸಪ್ನಾ. ಆ ಡಬ್ಬ್ಯಾಗ ಒಂದು ಚೀಟಿ ಐತಿ, ಓದವ್ವ. ನನ್ನ ಕಣ್ಣು ನನ್ನ ಮಾತು ಕೇಳಾಕತ್ತಿಲ್ಲ."

ಹಬ್ಬಕ್ಕೆ ಸತ್ತೆವ್ವನ ಉಂಡಿ ತರಿಸಿಕೊಳ್ಳುವ ಯಮಕನಮರಡಿಯ ದಾಕ್ಷಾಯಿಣಿ ಬರೆದದ್ದು. ಫೋನ್ ಮಾಡಿದರೆ ಸತ್ತೆವ್ವ ಎತ್ತುವುದಿಲ್ಲವೆಂದು, ಉಂಡಿ ತುಂಬಿಸಬೇಕಾದ ಖಾಲಿ ಡಬ್ಬಿಯಲ್ಲಿಟ್ಟು ಟೆಂಪೋದವನ ಕೈಯಲ್ಲಿ ಕಳಿಸಿದ್ದಳು. 'ಹಬ್ಬಕ್ಕೆ ಮಸಗುಪ್ಪಿಯ ತವರಿಗೆ ಹೋಗುತ್ತಿದ್ದೇನೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಗುಳಿಗೆ ನಡೆದಿದೆ. ನಿಮ್ಮದು ಬೆಲ್ಲದ ಉಂಡಿ, ಅವರಿಗೆ ನಡೆಯುತ್ತದೆ ಎಂದು ಹೋದ ವರ್ಷ ಹೇಳಿದ್ದಿರಿ. ಖರೆ ಏನ್ರಿ? ಅಪ್ಪ ಡಬ್ಬಿ ತೆರೆದರೆ ಒಂದಕ್ಕೆ ನಿಲ್ಲುವವರಲ್ಲ. ಆದರೆ ನನ್ನ ದಾರಿಯನ್ನೂ ಉಂಡಿಯ ದಾರಿಯನ್ನೂ ಕಾಯುತ್ತಿದ್ದಾರೆ.'

"ನಡೀತೈತಿ ಅಂತ ಬರಿ," ಎಂದಳು ಸತ್ತೆವ್ವ. "ಸಕ್ಕರಿ ಕಾಳೂ ಮುಟ್ಟಿಲ್ಲ. ಬೆಲ್ಲ ತಿಂದು ಯಾರಿಗೇನಾಗೇತಿ? ನಮ್ಮ ಮಂದಿ ಗಾಣದ ಬೆಲ್ಲ ತಿಂದೇ ಗಟ್ಟಿ ಆದದ್ದು."

ನನಗೆ ಬರೆಯಲು ಕೈ ಬರಲಿಲ್ಲ. ಅರಭಾವಿಯಲ್ಲಿ ನರ್ಸ್ ಆಗಿರುವ ನಾದಿನಿ ಆಮ್ರಪಾಲಿಗೆ ಫೋನ್ ಹಚ್ಚಿ, ಸತ್ತೆವ್ವನಿಗೂ ಕೇಳುವಂತೆ ಹಿಡಿದೆ.

"ಬೆಲ್ಲ ಆದ್ರೂ ಅಷ್ಟ, ಸಕ್ಕರಿ ಆದ್ರೂ ಅಷ್ಟ, ವೈನಿ. ಎರಡೂ ರಕ್ತದಾಗ ಸಕ್ಕರಿ ಏರಸ್ತಾವು. ಬೆಲ್ಲ ಚಲೋ ಅಂತ ನಾಕ್ ನಾಕ್ ತಿಂದು ನಮ್ಮ ದವಾಖಾನಿಗೆ ಬರ್ತಾರ. ಒಂದು ತುಣುಕು ತಿನ್ನೂದಾದ್ರೂ ಅವರ ಡಾಕ್ಟರ್‌ನ ಕೇಳೇ ತಿನ್ಲಿ."

ಸತ್ತೆವ್ವನ ಕೈ ನಿಂತಿತು. ಪಾಕ ಗಟ್ಟಿಯಾಗುತ್ತಿದೆ ಎಂದೆ. ಅವಳು ಅತ್ತ ನೋಡಲಿಲ್ಲ.

"ಎಷ್ಟು ಮಂದಿಗೆ ಹಿಂಗ ಹೇಳೇನಿ ನಾ," ಎಂದಳು. "ಯಾರೂ ತಿರುಗಿ ಕೇಳ್ಲಿಲ್ಲ. ಈ ಹುಡುಗಿ ಒಬ್ಬಾಕಿ ಕೇಳಿದ್ಲು."

"ಬೇಕಂತ ಹೇಳಿದ್ದಲ್ಲಲ್ಲ, ಆಯಿ."

"ಬೇಕಂತ ಅಲ್ಲ. ಆದ್ರ ತಿಂದಾವ್ರಿಗೆ ಅದರಿಂದೇನು?"

ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಮಗಳು ಹತ್ತಿರ ಹೋಗಿ ಮುಖ ನೋಡಿ, "ಮಕ್ಕೊಂಡ್ಲು," ಎಂದು ಪಿಸುಗುಟ್ಟಿದಳು.

"ಇಲ್ಲ ಬಂಗಾರ, ಎಲ್ಲಿ ಮಕ್ಕೊಳ್ಳಿ," ಎಂದು ಸತ್ತೆವ್ವ ಎದ್ದು, ಬೆಲ್ಲ ಸೇರದ ಹುರಿದ ಶೇಂಗಾ ಒಂದು ಹಿಡಿ ಪೊಟ್ಟಣ ಕಟ್ಟಿದಳು. "ಇದನ್ನ ಅವರಪ್ಪಗ ಅಂತ ಬ್ಯಾರೆ ಇಡ್ತೀನಿ. ನೀ ಒಂದು ಉಪಕಾರ ಮಾಡವ್ವ. ಉಂಡಿ ಬ್ಯಾಡ, ನಾ ಹೇಳಿದ್ದು ತಪ್ಪು ಅಂತ ಬರದು ಕೊಡು. ಆದ್ರ ಬರೇ ಬ್ಯಾಡ ಅಂತ ಬರೀಬ್ಯಾಡ. ತವರಿಗೆ ಹೊಂಟ ಮಗಳು ಓದೂದದು, ಸ್ವಲ್ಪ ಮೆತ್ತಗ ಬರಿ."