ಕೈ ಇಲ್ಲದ ಕೈಮರ

ಯುದ್ಧ ಶುರುವಾದ ವರ್ಷ. ದಂಡಿಗನಹಳ್ಳಿ ಕಡೆಯ ಲಕ್ಕಮ್ಮ ಗಂಡ ಬೋರಪ್ಪನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹಾಸನದ ದೊಡ್ಡಾಸ್ಪತ್ರೆಗೆ ಹೊರಟಳು. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಕೊಯ್ದರೆ ಉಳಿದಾನು, ಅದೂ ಇವತ್ತೇ, ಅದೂ ಹಾಸನದಲ್ಲೇ ಎಂದಿದ್ದರು ನಾಟಿ ವೈದ್ಯರು. ಬೋರಪ್ಪನಿಗೆ ಎಚ್ಚರವಿರಲಿಲ್ಲ. ಗಾಡಿ ಹೊಡೆಯುತ್ತಿದ್ದವನು ಮೈದುನ ತಮ್ಮಯ್ಯ. ಸಂತೆ, ಪೇಟೆಯ ಓಡಾಟವೆಲ್ಲ ಅಣ್ಣನದಾದ್ದರಿಂದ ಅವನು ಹೊಲದ ಬದು ದಾಟಿದವನಲ್ಲ.

ದಾರಿ ಕವಲೊಡೆಯುವ ಕಡೆ ಹಾಸನದ ದಿಕ್ಕು ತೋರಿಸುವ ಕೈಮರ ಇದೆಯೆಂದು ಕೇಳಿದ್ದಳು. ಇತ್ತು, ಬರೀ ಕಂಬ. ಅದಕ್ಕಿದ್ದ ಒಂದೇ ಕೈಯನ್ನು ಯಾರೋ ಕಿತ್ತಿದ್ದರು. ಮಂಜು ಬೇರೆ, ಕೇಳೋಣವೆಂದರೆ ನರಪಿಳ್ಳೆ ಇಲ್ಲ.

"ಯಾವ ಕಡೀಕ್ಲಾ?"

"ಮೈಲಿಗಲ್ಲು ಐತಲ್ಲ ಅತ್ತಿಗೆ. ಅಂಕಿ ಇಳೀತಾ ಬಂದ್ರೆ ಊರು ಅತ್ರ ಆಯ್ತದೆ ಕಣ."

ತಮ್ಮಯ್ಯನಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಎಡಕ್ಕೆ ತಿರುಗಿದರು. ಒಂಬತ್ತು, ಆಮೇಲೆ ಎಂಟು, ಏಳು. ಪ್ರತಿ ಕಲ್ಲಿಗೂ ಲಕ್ಕಮ್ಮ ಗಂಡನ ಕಿವಿಯ ಹತ್ತಿರ ಬಾಗಿ, "ಬಂದ್ಬುಡ್ತು, ತಡ್ಕಳಿ," ಎನ್ನುತ್ತಿದ್ದಳು.

ಆರನೆಯ ಕಲ್ಲಿನ ಬಳಿ ಅರಕಲಗೂಡಿನ ತಂಬಾಕು ವ್ಯಾಪಾರಿ ಈಶ್ವರಯ್ಯ ತಟ್ಟುಕುದುರೆ ಮೇಲೆ ಎದುರಾದರು.

"ಆಸ್ನ ಇನ್ನಾರು ಮೈಲಿ ಅಲ್ವಾ ಸಾ?"

"ಹಾಸ್ನ ನಿಮ್ಮ ಬೆನ್ನಿಗೆ ಬಿತ್ತಲ್ಲಪ್ಪ! ಇದು ಹೊಳೆನರಸೀಪುರದ್ದು."

"ಅಂಕಿ ಇಳೀತಾ ಐತಲ್ಲ ಸಾ?"

"ಕಲ್ಲಿಗೆ ಎರಡು ಮುಖ ಕಣಯ್ಯಾ. ನಿನಗೆ ಕಾಣೋ ಮುಖ ಮುಂದಿನ ಊರಿಂದು, ಆ ಕಡೇದು ಹಿಂದಿನ ಊರಿಂದು. ಎತ್ತ ಹೋದ್ರೂ ಇಳೀತದೆ. ಹೆಸರು ನೋಡ್ಬೇಕು, ಹೆಸರು."

ಗಾಡಿ ತಿರುಗಿಸಿದರು. ದಾರಿ ತೋರಿಸಲು ಈಶ್ವರಯ್ಯನೂ ಜೊತೆಗೆ ಬಂದರು. ಕೈಮರ ಮತ್ತೆ ಕಣ್ಣಿಗೆ ಬೀಳುವ ಹೊತ್ತಿಗೆ ಬೋರಪ್ಪನ ಕೈ ತಣ್ಣಗಾಗಿತ್ತು.

ಹೆಣವನ್ನು ಸರಿಯಾಗಿ ಮಲಗಿಸಲೆಂದು ಇಳಿಸಿಕೊಂಡಾಗ ಕೆಳಗಿದ್ದ ಗಾಡಿಯ ಹಲಗೆಯೊಂದು ಕಿತ್ತುಬಂದು ಮಗುಚಿತು. ಬಿಳಿ ಬಣ್ಣ, ಕಪ್ಪು ಅಕ್ಷರ. ಈಶ್ವರಯ್ಯ ಬಗ್ಗಿ ಓದಿದರು: "ಹಾಸನ, ಹದಿನಾಲ್ಕು ಮೈಲಿ." ಕಂಬ ನೋಡಿದರು, ಹಲಗೆ ನೋಡಿದರು.

ಹೋದ ಸುಗ್ಗಿಯಲ್ಲಿ ಸಂತೆಯಿಂದ ಬಂದ ಬೋರಪ್ಪ, "ಒಳ್ಳೆ ಹೊನ್ನೆ ಹಲಗೆ ಕಣೇ, ಬಿಟ್ಟಿ ಸಿಕ್ತು," ಎಂದು ನಗುತ್ತಾ ಅದನ್ನು ಗಾಡಿಗೆ ಜಡಿದಿದ್ದ. ಇವಳೇ ಮೊಳೆ ಎತ್ತಿ ಕೊಟ್ಟಿದ್ದಳು.

"ಚಿತೆಗೆ ಆಕ್ಬುಡಾನ ಅತ್ತಿಗೆ," ಎಂದ ತಮ್ಮಯ್ಯ.

"ಬ್ಯಾಡ."

ತಿಥಿ ಮುಗಿದ ಮೇಲೆ ಅವಳೇ ಹೊತ್ತು ತಂದು, ಹಗ್ಗ ಸುತ್ತಿ ಕಂಬಕ್ಕೆ ಕಟ್ಟಿದಳು. ರಸ್ತೆ ಮೇಸ್ತ್ರಿ ಕಂಡು ಗದರಿದ. "ಯಾವನಮ್ಮಾ ಇದನ್ನ ಕಿತ್ಕೊಂಡೋಗಿದ್ದೋನು?"

"ಇದರ ಮ್ಯಾಲೇ ಮಲೀಕಂಡು ಓಗ್ಬುಟ್ರು ಸಾ," ಎಂದು ಲಕ್ಕಮ್ಮ ಗಂಟನ್ನು ಇನ್ನೊಂದು ಸಲ ಬಿಗಿದಳು.